ಒಂದು ಗುಡಿಸು, ಒಂದು ಸೊನ್ನೆ: ಔಷಧ ಅಂಗಡಿಯ ಮಾಲೀಕರಿಗೆ ಪತ್ರ

ಮಾನ್ಯರೇ,

ಈ ಪತ್ರದ ಮರಾಠಿ ಪ್ರತಿಯನ್ನು ಹೋದ ವಾರ ನಿಮ್ಮ ಕೈಗೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ತಲುಪಿದೆ ಎಂದು ಸಹಿ ಹಾಕಿಸಿಕೊಂಡಿದ್ದೇನೆ. ಅದು ಒಂದೂವರೆ ಪುಟದ್ದು. ಅದನ್ನೇ ಇಲ್ಲಿ ಕನ್ನಡದಲ್ಲಿ ಹಿಗ್ಗಿಸಿ ಬರೆಯುತ್ತಿದ್ದೇನೆ. ಮುಲುಂಡಿನ ನಿಮ್ಮ ಅಂಗಡಿಯ ಹೆಸರು ಇದರಲ್ಲಿ ಇಲ್ಲ, ಇರುವುದು ನನಗೆ ಬೇಕಾಗಿಯೂ ಇಲ್ಲ. ಆದರೆ ನಡೆದದ್ದು ಹೇಗೆ ಎಂಬುದು ನಿಮ್ಮೊಬ್ಬರಿಗೆ ಮಾತ್ರ ತಿಳಿದಿದ್ದರೆ ಸಾಲದು ಅನ್ನಿಸಿತು.

ನಮ್ಮ ಅವ್ವನಿಗೆ ಅರವತ್ತಮೂರು ವರ್ಷ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಪಾಲಿಕೆಯ ಆಸ್ಪತ್ರೆಯ ವೈದ್ಯರು ಕಾರ್ಬಿಮಝೋಲ್ 10 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಹದಿನೈದು ದಿನಕ್ಕೆ ಎಂದು ಬರೆದುಕೊಟ್ಟರು. ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರನ್ನೇ ಬರೆದಿದ್ದರು. ಅವ್ವ ಆಸ್ಪತ್ರೆಯಿಂದ ಬರುತ್ತ ಸ್ಟೇಷನ್ ಹತ್ತಿರ ಇಳಿದು, ಸಂಜೆಯ ಗದ್ದಲದಲ್ಲಿ ನಿಮ್ಮಲ್ಲಿ ಚೀಟಿ ಕೊಟ್ಟಳು. ನಿಮ್ಮ ಹುಡುಗ ಕೊಟ್ಟದ್ದು ಕಾರ್ಬಮಝೆಪಿನ್ 100 ಮಿಲಿಗ್ರಾಂ, ನಲವತ್ತೈದು ಮಾತ್ರೆ. ಅದು ಥೈರಾಯ್ಡಿನ ಔಷಧವೇ ಅಲ್ಲ, ಮೂರ್ಛೆರೋಗದ್ದು. ಮುಖದ ನರನೋವಿಗೂ ಕೊಡುತ್ತಾರೆ.

ಅವ್ವ ಅದನ್ನು ಆರು ದಿನ ತೆಗೆದುಕೊಂಡಳು. ಆ ವಾರ ನಾನು ಕೆಲಸದ ಮೇಲೆ ಪುಣೆಯಲ್ಲಿದ್ದೆ. ಮೂರನೆಯ ದಿನ ಫೋನಿನಲ್ಲಿ, "ತಲಿ ಗಿರ್ ಅಂತೈತಿ, ಕಾಲ ಕೆಳಗ ಹತ್ತಿ ಹಾಸಿದಂಗ ಆಗೈತಿ" ಅಂದಳು. ಕಾಯಿಲೆಯೇ ಹಾಗೆ ಮಾಡುತ್ತಿದೆ ಎಂದು ಅವಳ ಲೆಕ್ಕ. ಆ ಲೆಕ್ಕ ಅವಳದಷ್ಟೇ ಅಲ್ಲ, ಯಾರದೂ ಆಗಬಹುದಿತ್ತು. ಕಾರ್ಬಿಮಝೋಲ್ ಹೊಸ ಹಾರ್ಮೋನ್ ತಯಾರಾಗುವುದನ್ನು ತಡೆಯುತ್ತದೆ, ಗ್ರಂಥಿಯಲ್ಲಿ ಆಗಲೇ ಕೂಡಿಟ್ಟ ಹಾರ್ಮೋನನ್ನು ಅಲ್ಲ. ಆದ್ದರಿಂದ ಗುಣ ಕಾಣಲು ಕೆಲವು ವಾರ ಬೇಕು ಎಂದು ವೈದ್ಯರೇ ಹೇಳಿ ಕಳಿಸಿರುತ್ತಾರೆ. ಮೊದಲ ವಾರ ಎದೆಬಡಿತ ಇಳಿಯದಿದ್ದರೆ ಯಾರೂ ಔಷಧದ ಮೇಲೆ ಸಂಶಯ ಪಡುವುದಿಲ್ಲ. ಜ್ವರದ ಮಾತ್ರೆ ತಪ್ಪಾಗಿದ್ದರೆ ಮರುದಿನವೇ ಗೊತ್ತಾಗುತ್ತಿತ್ತು. ಇಲ್ಲಿ ತಪ್ಪು ಮುಚ್ಚಿಕೊಂಡು ಕೂತಿತು.

ಅದು ಇನ್ನಷ್ಟು ಮುಚ್ಚಿಕೊಳ್ಳಲು ನಿಮ್ಮ ಕತ್ತರಿಯೂ ಕಾರಣ. ಹತ್ತು ಮಾತ್ರೆಗಳ ನಾಲ್ಕು ಪಟ್ಟಿ ಇಡಿಯಾಗಿ ಕೊಟ್ಟು, ಐದನೆಯದನ್ನು ಅರ್ಧಕ್ಕೆ ಕತ್ತರಿಸಿ ಕೊಟ್ಟಿದ್ದೀರಿ. ಬಿಡಿ ಇರುವುದನ್ನು ಮೊದಲು ಮುಗಿಸುವುದು ನಮ್ಮ ಮನೆಯ ಹೆಂಗಸರ ರೂಢಿ. ಆ ಅರ್ಧ ಪಟ್ಟಿಯ ಹಿಂದೆ ಇದ್ದದ್ದು ಹೆಸರಿನ ಬಾಲ ಮಾತ್ರ. ಬ್ಯಾಚ್ ಸಂಖ್ಯೆ, ಮುಗಿಯುವ ತಿಂಗಳು ಎರಡೂ ನಿಮ್ಮ ಡಬ್ಬಿಯಲ್ಲಿ ಉಳಿದ ಇನ್ನರ್ಧದ ಮೇಲೆ ಇದ್ದವು. ಏಳನೆಯ ದಿನ ಬೆಳಿಗ್ಗೆ ನಾನು ಬಂದು ಮೇಜಿನ ಮೇಲಿದ್ದ ಇಡೀ ಪಟ್ಟಿಯನ್ನೂ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ಎರಡು ಹೆಸರು ಬೇರೆ ಎಂದು ತಿಳಿಯಿತು. ವೈದ್ಯರು ಕೂಡಲೇ ನಿಲ್ಲಿಸಲು ಹೇಳಿ ರಕ್ತ ಪರೀಕ್ಷೆ ಮಾಡಿಸಿದರು. ಸೋಡಿಯಂ ಇಳಿದಿತ್ತು. ಈ ಔಷಧಕ್ಕೆ ಆ ಗುಣವಿದೆ. ವಾರದ ನಂತರ ಮತ್ತೆ ನೋಡಿದಾಗ ಸರಿಯಾಗಿತ್ತು. ಇನ್ನೂ ಕೆಲವು ವಾರ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಬರುತ್ತದೆಯೇ ಎಂದು ನೋಡುತ್ತಿರಿ, ಬಂದರೆ ಕಾಯಬೇಡಿ ಎಂದಿದ್ದಾರೆ. ಕಾರ್ಬಮಝೆಪಿನ್ ಕೆಲವರಲ್ಲಿ ಚರ್ಮವೇ ಸುಲಿದುಹೋಗುವಂಥ ಪ್ರತಿಕ್ರಿಯೆ ತರಬಲ್ಲದು. ಅಪರೂಪ, ಆದರೆ ಪ್ರಾಣಕ್ಕೆ ಬರುವಂಥದ್ದು. ಅವ್ವ ಬೀಳಲಿಲ್ಲ, ಸೊಂಟ ಮುರಿಯಲಿಲ್ಲ. ಅದು ನಮ್ಮ ಪುಣ್ಯ, ನಿಮ್ಮ ಅಂಗಡಿಯ ವ್ಯವಸ್ಥೆ ಅಲ್ಲ.

ನಾನು ಬಂದು ಕೇಳಿದಾಗ ನೀವು ಸಿಟ್ಟಾಗಲಿಲ್ಲ, ಅದಕ್ಕೆ ಋಣಿ. ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ ನೀವೇ ತೋರಿಸಿದಿರಿ. ಬಿಲ್ ಮಾಡುವ ಪರದೆಯಲ್ಲಿ CARB ಎಂದು ನಾಲ್ಕು ಅಕ್ಷರ ಒತ್ತಿದರೆ ಪಟ್ಟಿ ಇಳಿಯುತ್ತದೆ. ಅಕಾರಾದಿಯಲ್ಲಿ CARBAMAZEPINE ಮೇಲೆ, CARBIMAZOLE ಅದರ ಕೆಳಗೆ. ಮೇಲಿನದರಲ್ಲಿ 100, 200, 400 ಎಂದು ಹಲವು ಸಾಲು. ಹುಡುಗ ಮೊದಲ ಸಾಲಿಗೇ ಎಂಟರ್ ಒತ್ತಿದ್ದಾನೆ. "ಕಂಪ್ಯೂಟರ್ ತಪ್ಪು ಮೇಡಂ, ದುಡ್ಡು ವಾಪಸ್ ತಗೊಳ್ಳಿ, ಮಾತ್ರೆ ಬದಲಿಸಿ ಕೊಡ್ತೀನಿ" ಎಂದಿರಿ. ಪಟ್ಟಿಗಳನ್ನೂ ಬಿಲ್ಲನ್ನೂ ಕೇಳಿದಿರಿ. ಅವನ್ನು ನಾನು ಕೊಡಲಿಲ್ಲ, ಕೊಡುವುದೂ ಇಲ್ಲ.

ನಾನು ಭಾಷಾಶಾಸ್ತ್ರ ಓದಿದವಳು, ಅನುವಾದ ನನ್ನ ಹೊಟ್ಟೆಪಾಡು. ಹಾಗಾಗಿ ಈ ಎರಡು ಹೆಸರುಗಳನ್ನು ಬಹಳ ಹೊತ್ತು ನೋಡುತ್ತ ಕೂತೆ. ಕನ್ನಡದಲ್ಲಿ ಬರೆದರೆ ಮೊದಲ ಎರಡು ಅಕ್ಷರ 'ಕಾರ್ಬಿ', 'ಕಾರ್ಬ'. ನಡುವೆ ಇರುವ ವ್ಯತ್ಯಾಸ ಒಂದು ಗುಡಿಸು. ಮುಂದೆ ಎರಡರಲ್ಲೂ ಅದೇ 'ಮ', ಅದೇ 'ಝ'. ಬೇರೆಯಾಗುವುದು ಬಾಲದಲ್ಲಿ. ನಾವು ಪದವನ್ನು ಕೊನೆಯವರೆಗೆ ಕೇಳಿ, ಓದಿ, ಆಮೇಲೆ ಗುರುತಿಸುವುದಿಲ್ಲ. ಮೊದಲ ಭಾಗ ಸಿಕ್ಕಿದೊಡನೆ ಮನಸ್ಸು ಪರಿಚಿತ ಪದವೊಂದನ್ನು ಮುಂದಿಟ್ಟುಬಿಡುತ್ತದೆ. ವೈದ್ಯರ ಕೈಬರಹದಲ್ಲಿ ಗೀಟಾಗಿ ಕರಗುವುದೂ ಆ ಬಾಲವೇ. ದಿನಕ್ಕೆ ಹತ್ತು ಸಲ ಒಂದನ್ನೂ ತಿಂಗಳಿಗೆ ಎರಡು ಸಲ ಇನ್ನೊಂದನ್ನೂ ಕೊಡುವ ಕೈ ಯಾವುದರ ಕಡೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ಪ್ರಮಾಣವಾದರೂ ಎಚ್ಚರಿಸಬೇಕಿತ್ತು. ಚೀಟಿಯಲ್ಲಿ 10, ಪಟ್ಟಿಯ ಮೇಲೆ 100. ಪರದೆಯಲ್ಲಿ 10 ಎಂಬುದೇ ಕಾಣದಾಗ ಅದಕ್ಕೆ ಹತ್ತಿರ ಕಂಡ 100 ಅನ್ನೇ ಕಣ್ಣು ಒಪ್ಪಿಕೊಂಡಿದೆ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ದಯವಿಟ್ಟು ಇದಕ್ಕಾಗಿ ಅವನನ್ನು ಕೆಲಸದಿಂದ ತೆಗೆಯಬೇಡಿ. ತೆಗೆದರೆ ನಾಳೆ ಬರುವ ಹೊಸ ಹುಡುಗನ ಮುಂದೆಯೂ ಅದೇ ಪರದೆ ಇರುತ್ತದೆ.

ಹೆಸರಿನ ಗೊಂದಲಕ್ಕೆ ಕಾನೂನು ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ, ಅರ್ಧ ಇದೆ. ಮಲೇರಿಯಾದ ಎರಡು ಔಷಧಗಳು, ಫಾಲ್ಸಿಗೋ ಮತ್ತು ಫಾಲ್ಸಿಟ್ಯಾಬ್, ಇವುಗಳ ಹೆಸರಿನ ಮೇಲೆ ಎರಡು ಕ್ಯಾಡಿಲಾ ಕಂಪನಿಗಳು ಜಗಳವಾಡಿದಾಗ, 2001ರಲ್ಲಿ ಸುಪ್ರೀಂ ಕೋರ್ಟ್, ಔಷಧದ ಹೆಸರುಗಳ ವಿಷಯದಲ್ಲಿ ಬೇರೆ ಸರಕಿಗಿಂತ ಕಟ್ಟುನಿಟ್ಟಿನ ಅಳತೆ ಬೇಕು ಎಂದಿತು. ಹಲವು ಭಾಷೆಗಳ, ಎಲ್ಲರೂ ಇಂಗ್ಲಿಷ್ ಓದಲಾರದ ದೇಶ ಇದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಆದರೆ ಆ ತೀರ್ಪು ಕಂಪನಿಗಳು ಇಡುವ ಹೆಸರಿಗೆ ಸಂಬಂಧಿಸಿದ್ದು. ಕಾರ್ಬಿಮಝೋಲ್, ಕಾರ್ಬಮಝೆಪಿನ್ ಯಾರ ಸ್ವತ್ತೂ ಅಲ್ಲದ, ಜಗತ್ತಿಗೆಲ್ಲ ಒಂದೇ ಆದ ಮೂಲ ಹೆಸರುಗಳು. ಅವನ್ನು ಯಾವ ನ್ಯಾಯಾಲಯವೂ ಬದಲಿಸಲಾರದು. ವೈದ್ಯರು ಮೂಲ ಹೆಸರನ್ನೇ ಬರೆಯಬೇಕು ಎಂಬುದು ಬಡವರ ಜೇಬಿಗೆ ಒಳ್ಳೆಯದು, ನಾನೂ ಅದರ ಪರ. ಆದರೆ ಆಗ ಹೆಸರು ಬಿಡಿಸಿ ಓದುವ ಹೊಣೆಯೆಲ್ಲ ಬಂದು ನಿಲ್ಲುವುದು ನಿಮ್ಮ ಕೌಂಟರಿನ ಮೇಲೆ.

ಅದಕ್ಕೇ ಅಲ್ಲಿ ಓದಿದವರೊಬ್ಬರು ಇರಬೇಕು ಎಂದು ನಿಯಮ ಹೇಳುವುದು. 1945ರ ಔಷಧ ನಿಯಮಗಳ 65ನೆಯ ನಿಯಮದ ಪ್ರಕಾರ, ಚೀಟಿಯ ಮೇಲೆ ಕೊಡುವ ಔಷಧ ನೋಂದಾಯಿತ ಫಾರ್ಮಸಿಸ್ಟ್ ಒಬ್ಬರ ಖುದ್ದು ಮೇಲ್ವಿಚಾರಣೆಯಲ್ಲಿ ಹೋಗಬೇಕು. ನಿಮ್ಮ ಗೋಡೆಯ ಮೇಲೆ ಚೌಕಟ್ಟಿನಲ್ಲಿ ಒಬ್ಬರ ಪ್ರಮಾಣಪತ್ರ ಇದೆ. ಅವರು ಆ ಸಂಜೆ ಇದ್ದರೇ ಎಂದು ಕೇಳಿದಾಗ ನೀವು ಮಾತು ಬದಲಿಸಿದಿರಿ. 2012ರ ಸುಮಾರಿಗೆ ಮಹೇಶ್ ಝಗಡೆಯವರು ರಾಜ್ಯದ ಎಫ್‌ಡಿಎ ಆಯುಕ್ತರಾಗಿದ್ದಾಗ ಇದೇ ವಿಷಯಕ್ಕೆ ಬಿಗಿ ಮಾಡಿದ್ದು, ಔಷಧ ವ್ಯಾಪಾರಿಗಳು ಪ್ರತಿಭಟನೆಗೆ ಇಳಿದದ್ದು ನಿಮಗೆ ನನಗಿಂತ ಚೆನ್ನಾಗಿ ನೆನಪಿರುತ್ತದೆ. ಬಾಡಿಗೆ, ಸಂಬಳ, ಆನ್‌ಲೈನ್ ಅಂಗಡಿಗಳ ರಿಯಾಯಿತಿ, ನಿಮ್ಮ ಕಷ್ಟ ಸುಳ್ಳೆಂದು ನಾನು ಹೇಳುವುದಿಲ್ಲ. ಗೋಡೆಯ ಮೇಲಿನ ಕಾಗದ ಮಾತ್ರ ಚೀಟಿ ಓದಲಾರದು.

ಓದುವವರು ಇದ್ದಿದ್ದರೆ ಏನು ಬೇರೆಯಾಗುತ್ತಿತ್ತು? ಒಂದೇ ಪ್ರಶ್ನೆ: "ಆಜಿ, ಹಿ ಗೋಳಿ ಕಶಾಸಾಠಿ?" ಅಜ್ಜಿ, ಇದು ಯಾವುದಕ್ಕೆ ಮಾತ್ರೆ? ಅವ್ವನಿಗೆ ಇಂಗ್ಲಿಷ್ ಬಾರದು, ಮರಾಠಿ ಅರೆಬರೆ. ಆದರೆ ಥೈರಾಯ್ಡ್ ಎಂಬ ಪದ ಬರುತ್ತದೆ, ಬಾರದಿದ್ದರೆ ಕುತ್ತಿಗೆ ಮುಟ್ಟಿ ತೋರಿಸುತ್ತಿದ್ದಳು. ಕೈಯಲ್ಲಿ ಮೂರ್ಛೆರೋಗದ ಪಟ್ಟಿ ಹಿಡಿದ ಫಾರ್ಮಸಿಸ್ಟ್ ಅಲ್ಲೇ ನಿಲ್ಲುತ್ತಿದ್ದರು. ಹೆಸರುಗಳು ಒಂದನ್ನೊಂದು ಹೋಲುತ್ತವೆ, ಕಾಯಿಲೆಗಳು ಹೋಲುವುದಿಲ್ಲ. ಸರಿಯಾದ ಔಷಧ ಕೊಡುವಾಗಲೂ ಆ ಮಾತು ಬೇಕಿತ್ತು. ಕಾರ್ಬಿಮಝೋಲ್ ತೆಗೆದುಕೊಳ್ಳುವವರಿಗೆ ಗಂಟಲು ನೋವು, ಜ್ವರ ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಬೇಕೆಂದು ಹೇಳಲೇಬೇಕು, ಏಕೆಂದರೆ ಅದು ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು.

ನನಗೆ ಬೇಕಾದದ್ದು ದುಡ್ಡಲ್ಲ. ಮೊದಲು ಒಂದು ಕಾಗದ: ಇಂಥ ದಿನ, ಇಂಥ ಬಿಲ್ ಸಂಖ್ಯೆಯಲ್ಲಿ, ಬರೆದದ್ದು ಇದು, ಕೊಟ್ಟದ್ದು ಇದು, ಬ್ಯಾಚ್ ಇಷ್ಟು ಎಂದು ನಿಮ್ಮ ಮೊಹರಿನಡಿ. 'ಕ್ಷಮಿಸಿ' ಎಂಬ ಪದ ಅದರಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅದು ಅವ್ವನ ಆಸ್ಪತ್ರೆಯ ಫೈಲಿಗೆ ಬೇಕು. ತಿಂಗಳ ನಂತರ ದದ್ದು ಬಂದು ಬೇರೆ ಯಾರೋ ವೈದ್ಯರು ನೋಡಿದರೆ, ಈಕೆ ಆರು ದಿನ ಏನು ತಿಂದಿದ್ದಳು ಎಂಬುದು ನನ್ನ ಬಾಯಿಮಾತಿನ ಮೇಲೆ ನಿಲ್ಲಬಾರದು. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುವ ಔಷಧ ಸುರಕ್ಷೆಯ ಕಾರ್ಯಕ್ರಮಕ್ಕೆ ನಾನು ವರದಿ ಮಾಡಿದ್ದೇನೆ. 1800-180-3024 ಅವರ ಉಚಿತ ಸಂಖ್ಯೆ. ನೀವೂ ಮಾಡಬಹುದು.

ಎರಡನೆಯದು ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಅವ್ವನ ಮೊಬೈಲ್ ಸಂಖ್ಯೆಯಡಿ ಆ ತಪ್ಪು ಬಿಲ್ ಇನ್ನೂ ಕೂತಿದೆ. ಮುಂದಿನ ಸಲ 'ಹಿಂದಿನದೇ ಕೊಡು' ಎಂದರೆ ಅದೇ ಬರುತ್ತದೆ. ಅದನ್ನು ಗುರುತು ಮಾಡಿ. ಹಾಗೆಯೇ ಕಳೆದ ಮೂರು ತಿಂಗಳ ಕಾರ್ಬಮಝೆಪಿನ್ 100ರ ಬಿಲ್‌ಗಳನ್ನು ತೆಗೆದು, ದಿನಕ್ಕೆ ಮೂರರಂತೆ ಹೊಸದಾಗಿ ಒಯ್ದವರಿಗೆ ಒಂದು ಫೋನ್ ಮಾಡಿ. ಅರ್ಧ ದಿನದ ಕೆಲಸ. ನಮ್ಮ ಮನೆಯದೇ ಮೊದಲನೆಯದು ಎಂದು ನೀವು ಹೇಳಿದಿರಿ, ಹಾಗೆಂದು ನಿಮಗೆ ಗೊತ್ತಾಗುವ ದಾರಿ ಇದೊಂದೇ. ಈ ಎರಡು ಔಷಧಗಳ ಡಬ್ಬಿಗಳನ್ನು ಬೇರೆ ಬೇರೆ ಕಪಾಟಿಗೆ ಒಯ್ಯಿರಿ. ನಾಲ್ಕರ ಬದಲು ಆರು ಅಕ್ಷರ ಒತ್ತಿದ ಮೇಲೆಯೇ ಪಟ್ಟಿ ಇಳಿಯುವಂತೆ ಸಾಫ್ಟ್‌ವೇರಿನವರಿಗೆ ಹೇಳಿ. ಐದನೆಯ ಅಕ್ಷರಕ್ಕೇ ಎರಡೂ ಬೇರೆಯಾಗುತ್ತವೆ. ಕತ್ತರಿಸಿ ಕೊಡುವುದಾದರೆ ಒಂದು ಸಣ್ಣ ಲಕೋಟೆಯಲ್ಲಿ ಹಾಕಿ, ಹೆಸರು, ಪ್ರಮಾಣ, ಬ್ಯಾಚ್, ಮುಗಿಯುವ ತಿಂಗಳು ಬರೆದುಕೊಡಿ.

ಹದಿನೈದು ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ ಚೀಟಿ, ಬಿಲ್, ಉಳಿದ ಪಟ್ಟಿಗಳ ಚಿತ್ರ ಇಟ್ಟುಕೊಂಡು ಬಾಂದ್ರಾ-ಕುರ್ಲಾ ಸಂಕೀರ್ಣದ ಎಫ್‌ಡಿಎ ಕಚೇರಿಗೆ ಹೋಗುತ್ತೇನೆ. ಅಷ್ಟರಲ್ಲಿ ಅವ್ವನ ಮಾತ್ರೆ ಮುಗಿದು ಮತ್ತೊಂದು ಚೀಟಿ ಬಂದಿರುತ್ತದೆ. ಅವಳಿಗೆ ನಡೆದು ಹೋಗಲು ಹತ್ತಿರ ಇರುವುದು ನಿಮ್ಮ ಅಂಗಡಿಯೇ, ಅಲ್ಲಿಗೇ ಬರುತ್ತಾಳೆ. ಯಾವ ಹೊತ್ತಿಗೆ ಫಾರ್ಮಸಿಸ್ಟ್ ಇರುತ್ತಾರೆ ಎಂಬುದನ್ನು ಉತ್ತರದಲ್ಲಿ ಬರೆಯಿರಿ, ಆ ಹೊತ್ತಿಗೆ ಕಳಿಸುತ್ತೇನೆ.

ಇಂತು,
ನಿಮ್ಮ ಗಿರಾಕಿಯ ಮಗಳು