‘ರಿಪೇರಿ ಆಯ್ತು’ ಅಂದರೆ ಕೆಟ್ಟಿತೋ, ಸರಿಹೋಯಿತೋ?

ಕಳೆದ ವರ್ಷ ನಮ್ಮ ದೊಡ್ಡಪ್ಪ ಎರಡು ಹಾಳೆ ತಂದು ನನ್ನ ಮುಂದೆ ಇಟ್ಟರು. ಬೋರ್‌ವೆಲ್‌ಗೆ ಇಳಿಸಿದ ಹೊಸ ಮೋಟಾರು ಪದೇ ಪದೇ ಕೆಟ್ಟಿದ್ದಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡಬೇಕೆಂದು ಅವರೇ ಕನ್ನಡದಲ್ಲಿ ಬರೆದಿದ್ದ ದೂರು ಅದು. ‘ವಕೀಲರು ಇಂಗ್ಲಿಷಲ್ಲಿ ಕೇಳ್ತಾವ್ರೆ. ನೀನು ಪೇಪರ್‌ಗೆ ಬರೆಯೋನಲ್ವಾ, ಮಾಡ್ಕೊಡು’ ಅಂದರು. ಕಂಪನಿ ಇದ್ದದ್ದು ಬೇರೆ ರಾಜ್ಯದಲ್ಲಿ. ಅವರಿಗೂ ಅರ್ಥವಾಗಲಿ ಎಂಬುದು ವಕೀಲರ ಲೆಕ್ಕ.

ಒಂದು ಗಂಟೆಯ ಕೆಲಸ ಅಂದುಕೊಂಡೆ. ನಾಲ್ಕು ಸಂಜೆ ಹಿಡಿಯಿತು. ಇಂಗ್ಲಿಷ್ ಕಷ್ಟವಾಗಿದ್ದಕ್ಕಲ್ಲ, ನಮ್ಮ ಕನ್ನಡದ ಮಾತಿಗೆ ಎರಡೆರಡು ಅರ್ಥ ಇದ್ದದ್ದಕ್ಕೆ. ಹಳ್ಳಿಯಿಂದ ಹೋಗುವ ಎಷ್ಟೋ ದೂರುಗಳು ಇಲ್ಲೇ ದುರ್ಬಲವಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲ ಸಾಲನ್ನೇ ನೋಡಿ. ದೊಡ್ಡಪ್ಪ ಬರೆದಿದ್ದರು: ‘ಮೋಟಾರು ಆರು ತಿಂಗಳಲ್ಲಿ ಮೂರು ಸಲ ರಿಪೇರಿ ಆಗಿದೆ.’ ನಮ್ಮೂರಲ್ಲಿ ಇದರರ್ಥ ಮೂರು ಸಲ ಕೆಟ್ಟಿತು ಅಂತ. ನಾನು ಹಾಗೇ ‘ರಿಪೇರ್ಡ್ ತ್ರೀ ಟೈಮ್ಸ್’ ಎಂದು ಬರೆದಿದ್ದರೆ, ಮೂರು ಸಲವೂ ಸರಿ ಮಾಡಿಕೊಟ್ಟರು ಎಂದಾಗುತ್ತಿತ್ತು. ಕಂಪನಿಯ ವಕೀಲರಿಗೆ ಇದಕ್ಕಿಂತ ಬೇಕೇ? ‘ಕರೆದಾಗಲೆಲ್ಲ ಸರ್ವೀಸ್ ಕೊಟ್ಟಿದ್ದೇವೆ ಎಂದು ದೂರುದಾರರೇ ಒಪ್ಪಿದ್ದಾರೆ’ ಅನ್ನುತ್ತಿದ್ದರು.

ಕೂತು ಕೇಳಿದೆ. ‘ದೊಡ್ಡಪ್ಪ, ಮೂರು ಸಲವೂ ಸರಿ ಮಾಡಿ ಕೊಟ್ರಾ?’ ‘ಎಲ್ಲಿ ಕೊಟ್ರು? ಎರಡು ಸಲ ಕಾಯಿಲ್ ಕಟ್ಟಿ ಕೊಟ್ರು. ಮೂರನೇ ಸಲ ವೋಲ್ಟೇಜ್ ತೊಂದರೆ, ನಮ್ಮ ಜವಾಬ್ದಾರಿ ಅಲ್ಲ ಅಂದ್ರು.’ ಹೀಗಾಗಿ ಒಂದು ಸಾಲು ಮೂರು ಸಾಲಾಯಿತು. 2024ರ ಮಾರ್ಚ್ 10ಕ್ಕೆ ಖರೀದಿ. ಏಪ್ರಿಲ್ 28 ಮತ್ತು ಜುಲೈ 3ರಂದು ಮೋಟಾರು ನಿಂತಿತು, ಎರಡೂ ಸಲ ಅಂಗಡಿಯವರು ವೈಂಡಿಂಗ್ ಬದಲಿಸಿದರು. ಸೆಪ್ಟೆಂಬರ್ 19ರಂದು ಮತ್ತೆ ನಿಂತಿತು, ಒಂದು ವರ್ಷದ ವಾರಂಟಿ ಇನ್ನೂ ಇದ್ದರೂ ಸರಿ ಮಾಡಲು ಒಪ್ಪಲಿಲ್ಲ.

ಈ ತಾರೀಖುಗಳು ದೊಡ್ಡಪ್ಪನ ಹಾಳೆಯಲ್ಲಿ ಇರಲಿಲ್ಲ. ಅಲ್ಲಿದ್ದದ್ದು ‘ಬೇಸಿಗೆಯಲ್ಲಿ’, ‘ಮಳೆ ಹಿಡಿದಾಗ’, ‘ಗಣೇಶನ ಹಬ್ಬ ಆದಮೇಲೆ’. ಪೈಪು ಎತ್ತಲು ಬಂದ ಗಾಡಿಯವರ ಚೀಟಿ, ಅಂಗಡಿಯ ಜಾಬ್ ಕಾರ್ಡು, ಮಗನ ಫೋನಿನ ಫೋಟೋ ನೋಡಿ ಹುಡುಕಿದೆವು. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ತಾರೀಖೇ ಇಲ್ಲದಿದ್ದರೆ ಆ ಲೆಕ್ಕ ಎಲ್ಲಿಂದ ಶುರುವಾಗಬೇಕು?

ಮುಂದಿನ ಮಾತು ‘ಸುಟ್ಟುಹೋಯಿತು’. ಇದನ್ನು ಒಂದೇ ಪದದಲ್ಲಿ ‘ಬರ್ನ್ಟ್’ ಅಂದುಬಿಟ್ಟರೆ, ಯಾರೋ ಸುಟ್ಟರು, ಕರೆಂಟು ಸುಟ್ಟಿತು ಎಂಬ ಕಡೆಗೆ ಮಾತು ತಿರುಗುತ್ತದೆ. ದೊಡ್ಡಪ್ಪ ಕಣ್ಣಾರೆ ಕಂಡದ್ದು ಏನು? ಸ್ಟಾರ್ಟರ್ ಟ್ರಿಪ್ ಆಯಿತು, ನೀರು ನಿಂತಿತು, ಮೇಲೆತ್ತಿ ಬಿಚ್ಚಿಸಿದಾಗ ಕಾಯಿಲ್ ಕಪ್ಪಾಗಿತ್ತು. ಅಷ್ಟನ್ನೇ ಬರೆದೆ. ಕಾರಣ ಏನೆಂದು ನಾವು ತೀರ್ಪು ಕೊಡಲಿಲ್ಲ. ಆದರೆ ವೋಲ್ಟೇಜ್ ನೆಪಕ್ಕೆ ಉತ್ತರವಾಗುವ ಎರಡು ಸಂಗತಿ ಸೇರಿಸಿದೆ. ಅದೇ ಲೈನು, ಅದೇ ಸ್ಟಾರ್ಟರಿನಲ್ಲಿ ಹಳೆ ಮೋಟಾರು ಆರು ವರ್ಷ ಓಡಿತ್ತು. ಒಂದು ಫೇಸ್ ಹೋದರೆ ತಾನೇ ಆಫ್ ಆಗುವ ಪ್ರಿವೆಂಟರ್ ಪ್ಯಾನೆಲ್‌ನಲ್ಲಿ ಇತ್ತು. ಇವು ನಿಜವಾದ್ದರಿಂದ ಬರೆದೆ. ಇಲ್ಲದಿದ್ದರೆ ಬರೆಯುವ ಹಾಗಿರಲಿಲ್ಲ.

ಇನ್ನೊಂದು ಮಾತನ್ನೂ ಸೇರಿಸಬೇಕಾಯಿತು. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯಲ್ಲಿ ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡವರು ಗ್ರಾಹಕರೇ. ಹಾಗಾಗಿ ‘ನನ್ನ ಎರಡು ಎಕರೆಗೆ ನೀರು ಹಾಯಿಸಿ ಜೀವನ ಮಾಡಲು ಕೊಂಡದ್ದು’ ಎಂಬ ಸಾಲು ಹಾಕಿದೆವು. ಇದು ದೊಡ್ಡಪ್ಪನಿಗೆ ಎಷ್ಟು ಸಹಜ ಸಂಗತಿಯೆಂದರೆ, ಬರೆಯಬೇಕು ಅಂತಲೇ ಅವರಿಗೆ ಅನಿಸಿರಲಿಲ್ಲ.

‘ಕಂಪನಿಯವರು ಮೋಸ ಮಾಡಿದ್ದಾರೆ’ ಎಂಬ ಸಾಲಿಗೆ ನಾವಿಬ್ಬರೂ ಜಗಳವಾಡಿದೆವು. ಅವರಿಗೆ ಅದೇ ಮುಖ್ಯ. ಆದರೆ ಇಂಗ್ಲಿಷಿನಲ್ಲಿ ‘ಫ್ರಾಡ್’ ಅಂದರೆ ಬೇಕೆಂದೇ ವಂಚಿಸಿದರು ಎಂಬ ಆರೋಪ, ಅದನ್ನು ಸಾಬೀತು ಮಾಡಬೇಕು. ಇಂಥ ತೊಡಕಿನ ಆರೋಪ ಇದ್ದರೆ ಸಿವಿಲ್ ಕೋರ್ಟಿಗೆ ಹೋಗಿ ಎಂದು ಆಯೋಗ ಹೇಳಲೂಬಹುದು. ನಮ್ಮ ಕೈಲಿದ್ದ ಕಾಗದ ಹೇಳುತ್ತಿದ್ದದ್ದು ಎರಡೇ: ವಸ್ತುವಿನಲ್ಲಿ ದೋಷ, ಅಂದರೆ ‘ಡಿಫೆಕ್ಟ್’. ವಾರಂಟಿ ಇದ್ದರೂ ಸರಿ ಮಾಡದೆ ಬಿಟ್ಟದ್ದು ಸೇವಾ ನ್ಯೂನತೆ, ಅಂದರೆ ‘ಡಿಫಿಶಿಯನ್ಸಿ’. ಆ ಎರಡು ಪದ ಸಾಕಾದವು.

ಕೊನೆಗೆ ಬಂದದ್ದು ಎಲ್ಲಕ್ಕಿಂತ ದೊಡ್ಡ ಗೊಂದಲ. ‘ದಯವಿಟ್ಟು ಸೂಕ್ತ ಪರಿಹಾರ ಕೊಡಿಸಬೇಕು.’ ನಮ್ಮ ‘ಪರಿಹಾರ’ಕ್ಕೆ ಇಂಗ್ಲಿಷಿನಲ್ಲಿ ಕನಿಷ್ಠ ಎರಡು ಪದ. ಆಯೋಗದಿಂದ ಏನೇನು ಆದೇಶ ಬೇಕೋ ಅದೆಲ್ಲ ಸೇರಿ ‘ರಿಲೀಫ್’. ಅದರೊಳಗೆ ಅನುಭವಿಸಿದ ಕಷ್ಟನಷ್ಟಕ್ಕೆ ಕೇಳುವ ಹಣ ಮಾತ್ರ ‘ಕಾಂಪೆನ್ಸೇಷನ್’. ಬರೀ ಕಾಂಪೆನ್ಸೇಷನ್ ಎಂದು ಬರೆದಿದ್ದರೆ ಮೋಟಾರಿನ ದುಡ್ಡು ವಾಪಸ್ ಕೇಳಿದಂತೆಯೇ ಆಗುತ್ತಿರಲಿಲ್ಲ. ಕೇಳದ್ದನ್ನು ಆಯೋಗ ತಾನಾಗಿ ಕೊಟ್ಟೀತು ಎಂದು ನಂಬಿ ಕೂರಬಾರದು.

‘ಎರಡು ಲಕ್ಷ ಹಾಕು’ ಅಂದರು ದೊಡ್ಡಪ್ಪ. ಚೀಟಿಗಳನ್ನು ಹರಡಿಕೊಂಡು ಕೂತೆವು. ಕೊನೆಗೆ ಬರೆದದ್ದು ಹೀಗೆ:

1. ಅದೇ ಮಾದರಿಯ ಹೊಸ ಮೋಟಾರು ಕೊಡಬೇಕು. ಇಲ್ಲವೇ ಬಿಲ್ಲಿನ ₹42,000 ಅನ್ನು, ಕೊಟ್ಟ ದಿನದಿಂದ ವಾಪಸ್ ಬರುವ ದಿನದವರೆಗೆ ಶೇ. 9 ಬಡ್ಡಿ ಸೇರಿಸಿ ಹಿಂದಿರುಗಿಸಬೇಕು.
2. ಮೋಟಾರು ಎತ್ತಿ ಇಳಿಸಿದ ಖರ್ಚು, ಚೀಟಿ ಇರುವಷ್ಟು, ₹12,000.
3. ನೀರಿಲ್ಲದೆ ಪಟ್ಟ ತೊಂದರೆಗೆ ಮತ್ತು ಮಾನಸಿಕ ವೇದನೆಗೆ ₹25,000.
4. ದೂರಿನ ಖರ್ಚು ₹5,000.

ಟೊಮೆಟೊ ಒಣಗಿದ ನಷ್ಟಕ್ಕೆ ಅವರ ಬಳಿ ಫೋಟೋ ಇರಲಿಲ್ಲ, ಮಂಡಿ ಚೀಟಿಯೂ ಇರಲಿಲ್ಲ. ಬೇರೆ ಸಾಲಾಗಿ ಲಕ್ಷ ಬರೆದು ‘ಆಧಾರ ಎಲ್ಲಿ’ ಅನ್ನಿಸಿಕೊಳ್ಳುವುದಕ್ಕಿಂತ ಮೂರನೆಯದರಲ್ಲೇ ಸೇರಿಸಿದೆವು. ಅವರಿಗೆ ಬೇಜಾರಾಯಿತು. ನನಗೂ ಆಯಿತು. ಆದರೆ ಒಂದು ಬಿಡಿ ಅಂಕಿ ಉಬ್ಬಿದ್ದರೆ ಉಳಿದ ಮೂರರ ಮೇಲೂ ಅನುಮಾನ ಬೀಳುತ್ತದೆ. ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಅರ್ಜಿ ಶುಲ್ಕ ಇಲ್ಲ. ಹಾಗಂತ ಬಾಯಿಗೆ ಬಂದಷ್ಟು ಕೇಳುವುದು ಜಾಣತನವಲ್ಲ.

ಇಂಗ್ಲಿಷ್ ಪ್ರತಿ ಮುಗಿದ ಮೇಲೆ ಮಾಡಿದ ಕೆಲಸವೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಒಂದೊಂದು ಸಾಲನ್ನೂ ಮತ್ತೆ ಕನ್ನಡದಲ್ಲಿ ಹೇಳಿದೆ. ಬಿಲ್ಲು ಹಿಡಿದುಕೊಂಡು ಅವರು ತಾರೀಖು, ಮೊತ್ತ, ಮೋಟಾರಿನ ಸೀರಿಯಲ್ ನಂಬರ್ ಹೊಂದಿಸಿ ನೋಡಿದರು. ಆಗಲೇ ಒಂದು ತಪ್ಪು ಸಿಕ್ಕಿತು: ಜುಲೈ 3 ಅನ್ನು ನಾನು ಜೂನ್ 3 ಎಂದು ಬರೆದಿದ್ದೆ. ದೂರಿನ ಜೊತೆ ‘ಇದೆಲ್ಲ ನಿಜ’ ಎಂದು ಅಫಿಡವಿಟ್ ಸಹಿ ಹಾಕುವವರು ಅವರು, ನಾನಲ್ಲ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಳಿಸುವುದು ಅನುವಾದ ಮಾಡಿದವರದ್ದೇ ತಪ್ಪು. ‘ಕನ್ನಡದಲ್ಲಿ ಓದಿ ವಿವರಿಸಲಾಗಿದೆ’ ಎಂಬ ಸಾಲನ್ನು ವಕೀಲರಿಗೆ ಹೇಳಿ ಕೊನೆಗೆ ಸೇರಿಸಿದೆವು.

ಕೇಸು ಇನ್ನೂ ನಡೆಯುತ್ತಿದೆ. ಮೋಟಾರು ಕೊಟ್ಟಿಗೆಯಲ್ಲಿ ಗೋಣಿಚೀಲ ಸುತ್ತಿಕೊಂಡು ಮಲಗಿದೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲು ಆಯೋಗ ಹೇಳಬಹುದಾದ್ದರಿಂದ ಇನ್ನು ಯಾರ ಕೈಗೂ ಬಿಚ್ಚಲು ಕೊಡಬೇಡಿ ಎಂದು ಹೇಳಿದ್ದೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಹಾಳೆ ತಂದು ‘ಇಂಗ್ಲಿಷ್ ಮಾಡ್ಕೊಡು’ ಅಂದರೆ, ಪೆನ್ನು ಹಿಡಿಯುವ ಮೊದಲು ಎರಡು ಪ್ರಶ್ನೆ ಕೇಳಿ: ಯಾವತ್ತು ಏನಾಯ್ತು? ನಿಮಗೆ ವಾಪಸ್ ಏನು ಬೇಕು?