ಬಿತ್ತುವ ಮೊದಲೇ ಖರೀದಿಯ ಮಾತು ಕೊಡಿ: ದಕ್ಷಿಣ ಬೆಂಗಳೂರಿನ ರಾಗಿ ಗ್ರಾಹಕರ ಹಕ್ಕೊತ್ತಾಯ ಪತ್ರ

ಕರ್ನಾಟಕ ಸರ್ಕಾರದ ಕೃಷಿ ಇಲಾಖೆ ಹಾಗೂ ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಗೆ. ಅವುಗಳ ಮೂಲಕ ಕೇಂದ್ರ ಸರ್ಕಾರಕ್ಕೆ

ಮಾನ್ಯರೇ,

ನಾವು ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳಲ್ಲಿ ವಾಸವಿರುವವರು. ನಮ್ಮಲ್ಲಿ ನ್ಯಾಯಬೆಲೆ ಅಂಗಡಿಯ ರಾಗಿಯನ್ನೇ ನೆಚ್ಚಿಕೊಂಡವರಿದ್ದಾರೆ, ದಿನಸಿ ಅಂಗಡಿಯಲ್ಲಿ ಹಿಟ್ಟು ಕೊಳ್ಳುವವರಿದ್ದಾರೆ, ಮಾಗಡಿ, ಕನಕಪುರ, ಆನೇಕಲ್ ಕಡೆ ಇಂದಿಗೂ ಹೊಲ ಉಳಿಸಿಕೊಂಡಿರುವ ಮನೆತನದವರೂ ಇದ್ದಾರೆ. ರಾಗಿಯ ಬೆಂಬಲ ಬೆಲೆ ರೈತರ ಪಾಡು, ಪೇಟೆಯವರಿಗೆ ಅದರ ಗೊಡವೆ ಬೇಡ ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಆ ಬೆಲೆಗೆ ಸರ್ಕಾರ ಕೊಳ್ಳುವ ರಾಗಿ ಬಂದು ಸೇರುವುದು ನಮ್ಮ ಪಡಿತರ ಚೀಲಕ್ಕೇ. ಅದು ಕೈಕೊಟ್ಟ ವರ್ಷ ಹೊಲದಲ್ಲಿ ಬೆಳೆ ಬದಲಾಗುತ್ತದೆ, ನಮ್ಮ ತಟ್ಟೆಯೂ ಬದಲಾಗುತ್ತದೆ.

ಬೇಡಿಕೆಗಳಿಗೆ ಮುಂಚೆ ಒಂದು ವಿಷಯ ಸ್ಪಷ್ಟವಾಗಬೇಕು. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಶಿಫಾರಸಿನ ಮೇಲೆ ಕೇಂದ್ರ ಸರ್ಕಾರ 22 ಬೆಳೆಗಳಿಗೆ ಬೆಂಬಲ ಬೆಲೆ ಘೋಷಿಸುತ್ತದೆ. ಆದರೆ ಬೆಲೆ ಘೋಷಿಸುವುದು ಬೇರೆ, ಆ ಬೆಲೆಗೆ ಕೊಳ್ಳುವುದು ಬೇರೆ. ರೈತ ಯಾವ ಬೆಳೆ ಇಡಬೇಕೆಂದು ತೀರ್ಮಾನಿಸುವಾಗ ಪತ್ರಿಕೆಯಲ್ಲಿ ಬಂದ ಅಂಕಿಗಿಂತ ಹೆಚ್ಚಾಗಿ ನೋಡುವುದು ಹೋದ ವರ್ಷ ತನ್ನ ಊರಿನ ಪಕ್ಕದ ಕೇಂದ್ರದಲ್ಲಿ ಚೀಲ ತೂಕವಾಯಿತೋ ಇಲ್ಲವೋ ಎಂಬುದನ್ನು. ಪಂಜಾಬ್, ಹರಿಯಾಣಗಳಲ್ಲಿ ಭತ್ತ ಅಷ್ಟು ಹಬ್ಬಿದ್ದು ಅದರ ಬೆಲೆ ಉಳಿದೆಲ್ಲ ಬೆಳೆಗಿಂತ ಮೇಲಿತ್ತೆಂದಲ್ಲ, ಬೆಳೆದಷ್ಟನ್ನೂ ಸರ್ಕಾರ ಕೊಳ್ಳುತ್ತದೆ ಎಂಬ ಭರವಸೆ ಇತ್ತೆಂದು. ಅಲ್ಲಿನ ಅಂತರ್ಜಲ ಪಾತಾಳ ಕಂಡದ್ದೂ ಅದೇ ಭರವಸೆಯ ಇನ್ನೊಂದು ಫಲ.

ನಮ್ಮ ರಾಜ್ಯದಲ್ಲಿ ಇದನ್ನು ರಾಗಿಯಲ್ಲೇ ಕಾಣಬಹುದು. 2017-18ರಲ್ಲಿ ಕ್ವಿಂಟಾಲ್‌ಗೆ 1,900 ರೂಪಾಯಿ ಇದ್ದ ಬೆಂಬಲ ಬೆಲೆ 2018-19ರಲ್ಲಿ ಒಮ್ಮೆಲೇ 2,897 ರೂಪಾಯಿಗೆ ಏರಿತು. ಪೇಟೆಯ ಧಾರಣೆ ಆ ಮಟ್ಟಕ್ಕೆ ಬರಲಿಲ್ಲ. ಹಾಗಾಗಿ ಮುಂದಿನ ವರ್ಷಗಳಲ್ಲಿ ರೈತರು ಖರೀದಿ ಕೇಂದ್ರಗಳಿಗೆ ಬಂದರು, ಸರ್ಕಾರ ಲಕ್ಷಗಟ್ಟಲೆ ಟನ್ ಕೊಂಡಿತು. 2021-22ರಲ್ಲಿ ಮಾತ್ರ ಬಾಗಿಲು ಕಿರಿದಾಯಿತು. ಮೊದಲಿಗೆ ರಾಜ್ಯಕ್ಕೆ ಒಟ್ಟು 2.1 ಲಕ್ಷ ಟನ್ನಿನ ಮಿತಿ ಬಂತು; ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಮಾತ್ರ ಅವಕಾಶ, ಒಬ್ಬರಿಂದ 20 ಕ್ವಿಂಟಾಲ್‌ಗೆ ಹೆಚ್ಚಿಲ್ಲ. ಹಾಸನ ಜಿಲ್ಲೆಯಲ್ಲಿ, ಮುಖ್ಯವಾಗಿ ಅರಸೀಕೆರೆ ಕಡೆ, ಇದು ದೊಡ್ಡ ಕೂಗಾಯಿತು. ಆಮೇಲೆ ಹೆಚ್ಚುವರಿ ಖರೀದಿಗೆ ಒಪ್ಪಿಗೆ ಸಿಕ್ಕಿತು ನಿಜ. ಅಷ್ಟರಲ್ಲಿ ಸಾಲಗಾರರ ಕಾಟ ತಾಳದವರು ಸಿಕ್ಕ ಬೆಲೆಗೆ ಮಾರಿ ಆಗಿತ್ತು.

ಇದನ್ನೆಲ್ಲ ಮುಂದಿಟ್ಟುಕೊಂಡು ನಮ್ಮ ಹಕ್ಕೊತ್ತಾಯಗಳು ಇವು:

1. ಬೆಲೆಯ ಜೊತೆಗೇ ಖರೀದಿಯ ಯೋಜನೆಯನ್ನೂ ಪ್ರಕಟಿಸಬೇಕು.

ಮುಂಗಾರು ಬೆಳೆಗಳ ಬೆಂಬಲ ಬೆಲೆ ಸಾಮಾನ್ಯವಾಗಿ ಮೇ-ಜೂನ್ ಹೊತ್ತಿಗೆ ಗೊತ್ತಾಗುತ್ತದೆ. 2025-26ರ ರಾಗಿ ಬೆಲೆ 4,886 ರೂಪಾಯಿ ಎಂದು ಮೇ ಕೊನೆಯಲ್ಲೇ ತಿಳಿಯಿತು. ಹಳೇ ಮೈಸೂರು ಸೀಮೆಯ ಬಹುಪಾಲು ಖುಷ್ಕಿ ಹೊಲಗಳಲ್ಲಿ ರಾಗಿ ಬಿತ್ತನೆ ನಡೆಯುವುದು ಅದಾದ ಮೇಲೆ, ಜುಲೈ-ಆಗಸ್ಟಿನಲ್ಲಿ. ಇಷ್ಟರ ಮಟ್ಟಿಗೆ ಕ್ರಮ ಸರಿಯಾಗಿಯೇ ಇದೆ. ತಪ್ಪುವುದು ಮುಂದೆ. ಎಷ್ಟು ಟನ್ ಕೊಳ್ಳುತ್ತಾರೆ, ಒಬ್ಬರಿಂದ ಎಷ್ಟು, ನೋಂದಣಿ ಯಾವತ್ತಿನಿಂದ ಎಂಬುದು ತಿಳಿಯುವಷ್ಟರಲ್ಲಿ ತೆನೆ ಕಟ್ಟಿರುತ್ತದೆ, ಎಷ್ಟೋ ಕಡೆ ಕೊಯ್ಲೂ ಆಗಿರುತ್ತದೆ. ಆಗ ತಿಳಿದು ಪ್ರಯೋಜನವೇನು? ಬೆಳೆ ಬದಲಿಸುವ ಅವಕಾಶ ಇರುವುದು ಬಿತ್ತುವ ಮುಂಚೆ ಮಾತ್ರ. ಆದ್ದರಿಂದ ಪ್ರತಿ ವರ್ಷ ಜೂನ್ 30ರೊಳಗೆ ಖರೀದಿಯ ಕನಿಷ್ಠ ಪ್ರಮಾಣ, ತಲಾ ಮಿತಿ, ಕೇಂದ್ರಗಳ ಪಟ್ಟಿ ಮತ್ತು ಕೇಂದ್ರ ತೆರೆಯುವ ದಿನಾಂಕವನ್ನು ಹೋಬಳಿವಾರು ರೈತ ಸಂಪರ್ಕ ಕೇಂದ್ರಗಳಲ್ಲಿ ಹಚ್ಚಬೇಕು. ಮುಂದೆ ಪ್ರಮಾಣವನ್ನು ಹೆಚ್ಚಿಸಲಿ, ಅಡ್ಡಿಯಿಲ್ಲ; ಇಳಿಸಕೂಡದು.

2. ಮಿತಿಯನ್ನು ಪಹಣಿಯ ಹೆಸರಿಗಲ್ಲ, ರಾಗಿ ಬೆಳೆದ ನೆಲಕ್ಕೆ ಕಟ್ಟಬೇಕು.

ಲೆಕ್ಕಕ್ಕೆಂದು ಒಂದು ಸಂಸಾರವನ್ನು ತೆಗೆದುಕೊಳ್ಳೋಣ. ಮಾಗಡಿ ತಾಲ್ಲೂಕಿನಲ್ಲಿ 4 ಎಕರೆ, ಎಕರೆಗೆ 9 ಕ್ವಿಂಟಾಲ್‌ನಂತೆ 36 ಕ್ವಿಂಟಾಲ್ ರಾಗಿ. ಮನೆ ಊಟಕ್ಕೆ, ಬಿತ್ತನೆಗೆ, ಕೂಲಿಯವರಿಗೆ ಎಂದು 8 ಕ್ವಿಂಟಾಲ್ ಇಟ್ಟುಕೊಂಡರೆ ಮಾರಲು ಉಳಿಯುವುದು 28. 2021-22ರ 3,377 ರೂಪಾಯಿಯಂತೆ ಖರೀದಿ ಕೇಂದ್ರ 20 ಕ್ವಿಂಟಾಲ್ ಕೊಂಡರೆ 67,540 ರೂಪಾಯಿ. ಉಳಿದ 8 ಕ್ವಿಂಟಾಲ್ ಮಂಡಿಯಲ್ಲಿ 2,200ಕ್ಕೆ ಹೋಯಿತೆಂದುಕೊಂಡರೆ 17,600. ಅಷ್ಟನ್ನೂ ಕೇಂದ್ರವೇ ಕೊಂಡಿದ್ದರೆ ಕೈಗೆ ಇನ್ನೂ 9,416 ರೂಪಾಯಿ ಬರುತ್ತಿತ್ತು. ಇದಾದರೂ ಸಹಿಸಬಹುದಾದ ನಷ್ಟ.

ಪಕ್ಕದ ಹೊಲದ ಪಾಡು ಇದಕ್ಕಿಂತ ಕೆಟ್ಟದ್ದು. ಅಲ್ಲಿ ಮೂವರು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಾರೆ. 7 ಎಕರೆಯ ಪಹಣಿ ಮಾತ್ರ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದೆ, ಪೌತಿ ಖಾತೆ ಆಗಿಲ್ಲ. ಒಬ್ಬೊಬ್ಬರು ಉಳುವುದು ಎರಡೂವರೆ ಎಕರೆಯೂ ಇಲ್ಲ. ಕಾಗದದ ಪ್ರಕಾರ ಅದು 5 ಎಕರೆ ಮೀರಿದ ಹಿಡುವಳಿ. ಸಣ್ಣ ರೈತರಿಗೆ ಮಾತ್ರ ಎಂಬ ನಿಯಮ ಬಂದ ವರ್ಷ ಮೂವರೂ ಹೊರಗೆ. ಬೆಳೆ ಸಮೀಕ್ಷೆಯಲ್ಲಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಷ್ಟಿದೆ ಎಂಬುದನ್ನು ಚಿತ್ರದ ಸಮೇತ ಸರ್ಕಾರವೇ ದಾಖಲಿಸುತ್ತದೆ. ಆ ದಾಖಲೆಯನ್ನೇ ಆಧಾರ ಮಾಡಿ, ಎಕರೆಗೆ ಇಂತಿಷ್ಟು ಎಂದು ಕೊಳ್ಳಿ. ಪೌತಿ ಖಾತೆ ಆಗದ ಕಡೆ ಗ್ರಾಮ ಆಡಳಿತ ಅಧಿಕಾರಿಯ ದೃಢೀಕರಣದ ಮೇಲೆ ಉಳುವವರ ಹೆಸರಿಗೇ ನೋಂದಣಿ ಕೊಡಿ.

3. ಒಕ್ಕಣೆಯ ಕಾಲಕ್ಕೆ ಕೇಂದ್ರ ತೆರೆದಿರಬೇಕು.

ಕೊಯ್ಲು ನವೆಂಬರ್-ಡಿಸೆಂಬರಿನಲ್ಲಿ, ಖರೀದಿ ಶುರುವಾಗುವುದು ಸಾಮಾನ್ಯವಾಗಿ ಹೊಸ ವರ್ಷ ಹುಟ್ಟಿದ ಮೇಲೆ. ಈ ನಡುವಿನ ವಾರಗಳಲ್ಲಿ ಸಹಕಾರ ಸಂಘದ ಸಾಲದ ಕಂತು, ಕೊಯ್ಲಿನ ಕೂಲಿ, ಯಂತ್ರದ ಬಾಡಿಗೆ ಎಲ್ಲವೂ ಒಟ್ಟಿಗೆ ಬರುತ್ತವೆ. ಕೈಯಲ್ಲಿ ಕಾಸಿಲ್ಲದವನು ಕಣದಲ್ಲೇ ವ್ಯಾಪಾರಿಗೆ ಕೊಟ್ಟುಬಿಡುತ್ತಾನೆ. ಹೀಗೆ ಬೆಂಬಲ ಬೆಲೆ ತಲುಪುವುದು ತಡೆದುಕೊಳ್ಳುವ ಶಕ್ತಿ ಇದ್ದವರಿಗೆ. ಡಿಸೆಂಬರ್ ಮೊದಲ ವಾರಕ್ಕೆ ಕೇಂದ್ರ ತೆರೆಯುವುದು, ತೂಕವಾದ 7 ದಿನದೊಳಗೆ ಬ್ಯಾಂಕ್ ಖಾತೆಗೆ ಹಣ ಹಾಕುವುದು ನಮ್ಮ ಒತ್ತಾಯ. ತೇವಾಂಶ ಅಳೆಯುವ ಮಾಪಕವನ್ನು ರೈತನ ಕಣ್ಣೆದುರು ಬಳಸಬೇಕು. ತಿರಸ್ಕರಿಸಿದರೆ ಮಾಪಕ ತೋರಿಸಿದ ಅಂಕಿ ಮತ್ತು ಕಾರಣವನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಒಣಗಿಸಿ ಮತ್ತೆ ತರಬೇಕೋ, ಜರಡಿ ಹಿಡಿಯಬೇಕೋ ಎಂಬುದು ಆ ಚೀಟಿಯಿಂದಲೇ ಗೊತ್ತಾಗಬೇಕು.

4. ಕೊಳ್ಳಲಾಗದ ಬೆಳೆಗೆ ಬರಿಯ ಬೆಲೆ ತೋರಿಸಿ ನೆಚ್ಚಿಸಬೇಡಿ.

ಇದನ್ನು ಮೆಕ್ಕೆಜೋಳಕ್ಕಾಗಿ ಬರೆಯುತ್ತಿದ್ದೇವೆ. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಜೋಳ, ಹತ್ತಿ, ಸಿರಿಧಾನ್ಯಗಳ ಹೊಲಗಳನ್ನು ಮೆಕ್ಕೆಜೋಳ ನುಂಗಿದ್ದು ಬೆಂಬಲ ಬೆಲೆಯ ಖರೀದಿಯಿಂದಲ್ಲ, ಕೋಳಿ ಆಹಾರ, ಪಿಷ್ಟದ ಕಾರ್ಖಾನೆ, ಈಚೆಗೆ ಎಥೆನಾಲ್ ಎಂಬ ಬೇಡಿಕೆಯಿಂದ. ಆ ಬೇಡಿಕೆ ತಗ್ಗಿದ ದಿನ ಹಿಡಿದು ನಿಲ್ಲಿಸುವ ಕೈ ಇರಲಿಲ್ಲ. 2025-26ರ ಬೆಂಬಲ ಬೆಲೆ 2,400 ರೂಪಾಯಿ. ಆಯೋಗದ ಲೆಕ್ಕದಲ್ಲಿ ಖರ್ಚು 1,508, ಅಂದರೆ ಅದರ ಮೇಲೆ ಶೇಕಡಾ 59 ಲಾಭ. ರಾಗಿಗೆ ತೋರಿಸಿದ ಲಾಭ ಶೇಕಡಾ 50. ಕಾಗದದ ಮೇಲೆ ಮೆಕ್ಕೆಜೋಳವೇ ಲೇಸಾಗಿ ಕಂಡಿತು. ನವೆಂಬರಿನಲ್ಲಿ ಧಾರಣೆ 2,000ಕ್ಕಿಂತ ಕೆಳಗೆ ಬಿದ್ದಾಗ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಬೀದಿಗಿಳಿದರು. ಬೆಳೆ ಕೈಗೆ ಬಂದ ಮೇಲೆ ಪತ್ರ ವ್ಯವಹಾರ, ಸಭೆ ಶುರುವಾದವು. ಡಿಸ್ಟಿಲರಿ ಮತ್ತು ಪಶು ಆಹಾರ ಘಟಕಗಳು ಎಷ್ಟು ಕೊಳ್ಳುತ್ತವೆ ಎಂಬ ಕರಾರನ್ನು ಬಿತ್ತನೆಗೆ ಮುಂಚೆ ಮಾಡಿಸಿ ಪ್ರಕಟಿಸಿ. ಅದು ಆಗದಿದ್ದರೆ ಧಾರಣೆಗೂ ಬೆಂಬಲ ಬೆಲೆಗೂ ಇರುವ ಅಂತರವನ್ನು ರೈತನ ಖಾತೆಗೆ ತುಂಬಿಕೊಡುವ ಹಣವನ್ನು ಬಜೆಟ್ಟಿನಲ್ಲೇ ಎತ್ತಿಡಿ.

5. ಅಕ್ಕಡಿ ಸಾಲನ್ನು ಉಳಿಸುವ ಖರೀದಿ ಬೇಕು.

ರಾಗಿಯನ್ನು ಹೆಚ್ಚು ಕೊಳ್ಳಿ ಎಂದು ಕೇಳುತ್ತಿರುವ ನಮಗೆ ಅದರ ಅಪಾಯವೂ ಗೊತ್ತು. ಒಂದೇ ಬೆಳೆಗೆ ಭರವಸೆ ಕೊಟ್ಟರೆ ಹೊಲ ಒಂದೇ ಬೆಳೆಯದಾಗುತ್ತದೆ. ನಮ್ಮ ಕಡೆಯ ರಾಗಿ ಹೊಲ ಹಾಗಿರಲಿಲ್ಲ. ಕೆಲವು ಸಾಲಿಗೊಂದರಂತೆ ಅವರೆ, ತೊಗರಿ, ಅಂಚಿಗೆ ಹುಚ್ಚೆಳ್ಳು, ಅಲ್ಲಲ್ಲಿ ಜೋಳ. ಮಳೆ ಬೇಗ ಕೈಕೊಟ್ಟು ರಾಗಿ ಜೊಳ್ಳಾದರೂ ಆಳಕ್ಕೆ ಬೇರು ಬಿಟ್ಟ ತೊಗರಿ, ತಡವಾಗಿ ಕಾಯಿ ಬಿಡುವ ಅವರೆ ಕೈಹಿಡಿಯುತ್ತಿದ್ದವು. ಈ ಸಾಲುಗಳಲ್ಲಿ ತೊಗರಿಗೂ ಹುಚ್ಚೆಳ್ಳಿಗೂ ಬೆಂಬಲ ಬೆಲೆ ಇದೆ. ಅವರೆಗೆ ಇಲ್ಲ, ಹುರುಳಿಗೂ ಇಲ್ಲ. ಇದ್ದ ಬೆಲೆಯೂ ಅಕ್ಕಡಿಯವನಿಗೆ ಉಪಯೋಗವಿಲ್ಲ, ಯಾಕೆಂದರೆ ಅವನ ಬಳಿ ಇರುವುದು ಒಂದೆರಡು ಚೀಲ, ರಾಗಿ ಕೇಂದ್ರದಲ್ಲಿ ಅದನ್ನು ಮುಟ್ಟುವವರಿಲ್ಲ. ಅದೇ ಕೇಂದ್ರದಲ್ಲಿ, ಅದೇ ದಿನ, ಅರ್ಧ ಕ್ವಿಂಟಾಲ್ ಇದ್ದರೂ ತೊಗರಿ ಮತ್ತು ಹುಚ್ಚೆಳ್ಳನ್ನು ಕೊಳ್ಳಬೇಕು. ಒಣ ಅವರೆ ಮತ್ತು ಹುರುಳಿಗೆ ಕರ್ನಾಟಕ ಕೃಷಿ ಬೆಲೆ ಆಯೋಗದಿಂದ ವೆಚ್ಚದ ಲೆಕ್ಕ ಹಾಕಿಸಿ ರಾಜ್ಯವೇ ಮೂಲ ಬೆಲೆ ನಿಗದಿ ಮಾಡಬೇಕು. ಹಸಿ ಅವರೆಕಾಯಿಗೆ ಇದನ್ನು ಕೇಳುತ್ತಿಲ್ಲ. ಅದು ಎರಡು ದಿನಕ್ಕೆ ಬಾಡುವ ಸರಕು, ಗೋದಾಮಿನ ಖರೀದಿಗೆ ಒಗ್ಗುವುದಿಲ್ಲ. ಸೊನೆ ಅವರೆಗೆ ಸಜ್ಜನ್ ರಾವ್ ವೃತ್ತದಿಂದ ಸಾರಕ್ಕಿಯವರೆಗೆ ಗಿರಾಕಿಗಳಿಗೇನೂ ಬರವಿಲ್ಲ.

6. ಕೊಂಡ ರಾಗಿ ನಮ್ಮ ಅಡುಗೆಮನೆ ಮುಟ್ಟುವಂತೆ ಮಾಡಬೇಕು.

ಬೆಂಬಲ ಬೆಲೆಗೆ ಕೊಂಡ ರಾಗಿಯನ್ನು ನಿಗದಿತ ಅವಧಿಯೊಳಗೆ ಪಡಿತರದಲ್ಲಿ ಹಂಚಿ ಮುಗಿಸಬೇಕೆಂಬುದು ಕೇಂದ್ರ ಸರ್ಕಾರದ ಕಟ್ಟಳೆ. ಹಂಚಲಾಗುವಷ್ಟೇ ಕೊಳ್ಳಲು ಒಪ್ಪಿಗೆ ಸಿಗುತ್ತದೆ. ಆದ್ದರಿಂದ ನಗರದಲ್ಲಿ ರಾಗಿ ಎತ್ತುವಳಿ ಕಡಿಮೆಯಾದರೆ ಅದರ ಪೆಟ್ಟು ಬೀಳುವುದು ಮಾಗಡಿಯ ಹೊಲದ ಮೇಲೆ. ಬಿ.ಟಿ.ಎಂ. ಬಡಾವಣೆಯ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಆರಕ್ಕೇ ಮನೆಗೆಲಸಕ್ಕೆ ಹೊರಡುವ ಹೆಂಗಸು ಕಲ್ಲು-ಮಣ್ಣಿರುವ ರಾಗಿಯನ್ನು ಕೇರಿ, ತೊಳೆದು, ಒಣಗಿಸುವುದು ಎಲ್ಲಿ? ಒಣಹಾಕಲು ತಾರಸಿ ಮಾಲೀಕರದ್ದು. ಹಿಟ್ಟಿನ ಗಿರಣಿ ಎರಡು ಬಸ್ ನಿಲ್ದಾಣದಾಚೆ. ರಾಗಿ ಬೇಡವೆಂದಲ್ಲ, ಅದನ್ನು ಹಿಟ್ಟು ಮಾಡುವ ದಾರಿಯಿಲ್ಲದೆ ಅವರು ಅದನ್ನು ಬಿಟ್ಟುಬಿಡುತ್ತಾರೆ. ನಗರದ ನ್ಯಾಯಬೆಲೆ ಅಂಗಡಿಗಳಿಗೆ ಯಂತ್ರದಲ್ಲಿ ಶುಚಿ ಮಾಡಿ ಕಲ್ಲು ತೆಗೆದ ರಾಗಿಯನ್ನೇ ಕಳಿಸಿ. ಕೇಳಿದವರಿಗೆ ಹಿಟ್ಟು ಮಾಡಿಕೊಡಲು ವಾರ್ಡಿನ ಸ್ತ್ರೀಶಕ್ತಿ ಸಂಘಗಳಿಗೆ ಗಿರಣಿ ಕೊಡಿಸಿ. ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯ ಮತ್ತು ಇಂದಿರಾ ಕ್ಯಾಂಟೀನ್‌ಗಳಿಗೆ ಬೇಕಾದ ರಾಗಿಯನ್ನೂ ಇದೇ ಖರೀದಿಯಿಂದ ಒದಗಿಸಿ.

7. ಬೆಲೆ ಏರಿಕೆಯ ನೆಪ ನಮ್ಮ ಹೆಸರಿನಲ್ಲಿ ಬೇಡ.

ಬೆಂಬಲ ಬೆಲೆಗೆ ಪೂರ್ತಿ ಕೊಂಡರೆ ನಗರದ ಗ್ರಾಹಕರಿಗೆ ಹಿಟ್ಟು ತುಟ್ಟಿಯಾಗುತ್ತದೆ ಎಂಬ ವಾದವಿದೆ. ಆಗುತ್ತದೆ, ಸ್ವಲ್ಪ ಮಟ್ಟಿಗೆ. ಕ್ವಿಂಟಾಲ್‌ಗೆ 500 ರೂಪಾಯಿ ಏರಿದರೆ ಕಿಲೋಗೆ 5 ರೂಪಾಯಿ. ಪಡಿತರ ಚೀಟಿ ಇರುವವರಿಗೆ ಆ ಹೊರೆ ತಾಗುವುದಿಲ್ಲ. ನಮ್ಮಲ್ಲಿ ಉಳಿದವರು ಅದನ್ನು ಹೊರಲು ಸಿದ್ಧರಿದ್ದೇವೆ ಎಂದು ಇಲ್ಲಿ ಸಹಿ ಹಾಕಿ ಹೇಳುತ್ತಿದ್ದೇವೆ.

ಮೊದಲ ಮತ್ತು ಎರಡನೆಯ ಬೇಡಿಕೆಗೆ ಹೊಸ ಕಾನೂನು ಬೇಕಿಲ್ಲ, ಇರುವ ದಾಖಲೆ ಮತ್ತು ಒಂದು ಆದೇಶ ಸಾಕು. ಅವೆರಡರ ಮೇಲೆ ಕೈಗೊಂಡ ಕ್ರಮವನ್ನು ಮುಂದಿನ ಮುಂಗಾರು ಬಿತ್ತನೆಗೆ ಮುಂಚೆ, ಮೇ ತಿಂಗಳು ಮುಗಿಯುವುದರೊಳಗೆ, ಲಿಖಿತವಾಗಿ ತಿಳಿಸಬೇಕೆಂದು ಒತ್ತಾಯಿಸುತ್ತೇವೆ.

ಇಂತಿ,
ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಯ ನಿವಾಸಿಗಳು