ಬಿ.ಕಾಂ. ಮಕ್ಕಳಿಗೆ ಟ್ಯಾಲಿ ಒಂದೇ ಗತಿಯೇ?

ನಮ್ಮ ಕಡೆಯ ಪದವಿ ಕಾಲೇಜೊಂದರಲ್ಲಿ ಉದ್ಯೋಗ ಮಾರ್ಗದರ್ಶನ ಶಿಬಿರ ಇತ್ತು, ವರದಿಗೆಂದು ಹೋಗಿದ್ದೆ. ಎರಡೂವರೆ ಗಂಟೆಯಲ್ಲಿ ಬಿ.ಕಾಂ. ಮಕ್ಕಳಿಗೆ ಸಿಕ್ಕಿದ್ದು ಮೂರೇ ಮಾತು: ಸಿಎ ಮಾಡಿ, ಆಗದಿದ್ದರೆ ಟ್ಯಾಲಿ ಕಲಿಯಿರಿ, ಅದೂ ಆಗದಿದ್ದರೆ ಬ್ಯಾಂಕ್ ಪರೀಕ್ಷೆ ಬರೆಯಿರಿ. ವಿಮೆಯ ಹೆಸರು ಬಂದದ್ದು ಒಂದೇ ಸಲ, ಏಜೆಂಟ್ ಆಗಬಹುದು ಅಂತ. ಊಟದ ಹೊತ್ತಿಗೆ ವಾಣಿಜ್ಯ ವಿಭಾಗದ ಮೇಷ್ಟ್ರನ್ನು, 'ಆಕ್ಚುರಿ, ಅಂಡರ್‌ರೈಟಿಂಗ್ ಬಗ್ಗೆ ಯಾಕೆ ಹೇಳಲಿಲ್ಲ ಸಾರ್?' ಅಂತ ಕೇಳಿದೆ. 'ಅವೆಲ್ಲ ಬಾಂಬೆ ಮಕ್ಕಳಿಗೆ ಕಣಪ್ಪ. ನಮ್ಮ ಹಳ್ಳಿ ಮಕ್ಕಳಿಗೆ ಎಲ್ಲಿ ತಲೆಗೆ ಹೋಗುತ್ತೆ?' ಅಂದರು.

ಇದೇ ಮಾತು ನನಗೆ ಒಪ್ಪಿಗೆಯಿಲ್ಲ. ಆ ಮಕ್ಕಳಲ್ಲಿ ಎಷ್ಟೋ ಜನರ ಮನೆಯಲ್ಲಿ ಪಹಣಿಯ ಜೊತೆಗೇ ಬೆಳೆ ವಿಮೆಯ ರಸೀದಿಯೂ ಇದೆ. ಅದರ ಹಿಂದಿನ ಲೆಕ್ಕವೇ ಆಕ್ಚುರಿಯ ಕೆಲಸ. ಬೇಕಾದರೆ ಒಂದು ಉದಾಹರಣೆ ಮಾಡಿ ನೋಡೋಣ. ಅಂಕಿಗಳು ನನ್ನವು, ವಿಧಾನ ಮಾತ್ರ ಫಸಲ್ ಬಿಮಾ ಯೋಜನೆಯದು.

ಒಂದು ಗ್ರಾಮ ಪಂಚಾಯಿತಿಯಲ್ಲಿ ಮುಸುಕಿನ ಜೋಳದ ಇಳುವರಿ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 30, 28, 12, 32, 26, 15, 34 ಕ್ವಿಂಟಲ್ ಬಂದಿದೆ ಅನ್ನಿ. ಇದರಲ್ಲಿ ಒಳ್ಳೆಯ ಐದು ವರ್ಷಗಳ ಸರಾಸರಿ ತೆಗೆಯಬೇಕು: 30 ಬರುತ್ತದೆ. ಪರಿಹಾರದ ಮಟ್ಟ ಶೇ. 80 ಎಂದು ನಿಗದಿಯಾಗಿದ್ದರೆ ಪ್ರಾರಂಭಿಕ ಇಳುವರಿ 24 ಕ್ವಿಂಟಲ್. ಈ ವರ್ಷ ಪಂಚಾಯಿತಿಯ ಸರಾಸರಿ 18 ಬಂದರೆ ಕೊರತೆ 6, ಅಂದರೆ 24ರಲ್ಲಿ ಶೇ. 25. ವಿಮಾ ಮೊತ್ತ 50,000 ರೂಪಾಯಿ ಇದ್ದರೆ ರೈತನಿಗೆ 12,500. ಇಲ್ಲಿಯವರೆಗಿನದು ಪರಿಹಾರದ ಲೆಕ್ಕ.

ಆಕ್ಚುರಿ ಇದನ್ನೇ ತಿರುಗಿಸಿ ಕೇಳುತ್ತಾನೆ: ಇದೇ ಪಾಲಿಸಿ ಆ ಏಳೂ ವರ್ಷ ಇದ್ದಿದ್ದರೆ ಎಷ್ಟು ಕೊಡಬೇಕಾಗುತ್ತಿತ್ತು? 12 ಕ್ವಿಂಟಲ್ ಬಂದ ವರ್ಷ ಶೇ. 50, 15 ಬಂದ ವರ್ಷ ಶೇ. 37.5, ಉಳಿದ ಐದು ವರ್ಷ ಏನೂ ಇಲ್ಲ. ಒಟ್ಟು 87.5ನ್ನು ಏಳಕ್ಕೆ ಹಂಚಿದರೆ ಶೇ. 12.5. ಅಂದರೆ 50,000ಕ್ಕೆ ವರ್ಷಕ್ಕೆ 6,250 ರೂಪಾಯಿ ತೆಗೆದಿಡಬೇಕು. ಮುಂಗಾರಿನಲ್ಲಿ ಆಹಾರ ಬೆಳೆಗೆ ರೈತ ಕಟ್ಟುವುದು ಶೇ. 2 ಮಾತ್ರ, ಅಂದರೆ 1,000. ಮಿಕ್ಕದ್ದು ಕೇಂದ್ರ, ರಾಜ್ಯ ಸರ್ಕಾರಗಳ ಪಾಲು. ಇದರ ಮೇಲೆ ಕಂಪನಿ ತನ್ನ ಖರ್ಚು, ಅನಿಶ್ಚಿತತೆ ಸೇರಿಸಿ ದರ ಕೂಗುತ್ತದೆ. ಇದರಲ್ಲಿ ಎರಡನೇ ವರ್ಷದ ಬಿ.ಕಾಂ. ಹುಡುಗಿಗೆ ಬಾರದ ಗಣಿತ ಯಾವುದಿದೆ, ಹೇಳಿ.

ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ. ಏಳು ವರ್ಷ ತೀರಾ ಕಡಿಮೆ. ಆ 15ರ ಜಾಗದಲ್ಲಿ 29 ಬಂದಿದ್ದರೆ ಇದೇ ಲೆಕ್ಕ ಸುಮಾರು ಶೇ. 7.3ಕ್ಕೆ ಇಳಿಯುತ್ತಿತ್ತು. ಒಂದೇ ಬರ ದರವನ್ನು ಇಷ್ಟು ಏರಿಸುವುದಾದರೆ ಅಂಕಿಯನ್ನು ಎಷ್ಟು ನಂಬುವುದು? ಮಳೆಯ ದಾಖಲೆ ನೋಡಬೇಕೇ, ಅಕ್ಕಪಕ್ಕದ ಪಂಚಾಯಿತಿ ನೋಡಬೇಕೇ? ಸಂಖ್ಯಾಶಾಸ್ತ್ರ ಬೇಕಾಗುವುದು ಇಲ್ಲಿ. ಅಂಡರ್‌ರೈಟರ್‌ನ ಪ್ರಶ್ನೆ ಇನ್ನೊಂದು: ಈ ಅಪಾಯವನ್ನು ತೆಗೆದುಕೊಳ್ಳಬೇಕೇ, ಯಾವ ಷರತ್ತಿನ ಮೇಲೆ? ಸುತ್ತ ಎಲ್ಲ ಕಡೆ 14 ಇರುವಾಗ ಒಂದು ಪಂಚಾಯಿತಿಯಲ್ಲಿ ಮಾತ್ರ 31 ಎಂದು ಬರೆದಿದ್ದರೆ ಅದು ಕೊಳವೆಬಾವಿಯ ಹೊಲವೋ, ಕೊಯ್ಲು ಪ್ರಯೋಗದ ತುಂಡನ್ನು ಆರಿಸುವಾಗ ನಡೆದ ಎಡವಟ್ಟೋ? ಇದನ್ನು ಎಕ್ಸೆಲ್ ಹಾಳೆ ಹೇಳುವುದಿಲ್ಲ. ಹೊಲ ಕಂಡ ಹುಡುಗನಿಗೆ ಅನುಮಾನ ಮೊದಲು ಹುಟ್ಟುತ್ತದೆ.

ದಾರಿ ಸುಲಭ ಅಂತ ಹೇಳಿದರೆ ನಾನೂ ಆ ಶಿಬಿರದವರಂತೆಯೇ ಆಗುತ್ತೇನೆ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾ ನಡೆಸುವ ಎಸೆಟ್ ಪ್ರವೇಶ ಪರೀಕ್ಷೆಯನ್ನು ಪಿಯುಸಿ ಮುಗಿಸಿದವರು ಬರೆಯಬಹುದು. ಆದರೆ ಫೆಲೋ ಆಗಲು ಹದಿಮೂರು ಪತ್ರಿಕೆ ದಾಟಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ, ಪ್ರತಿ ಪತ್ರಿಕೆಗೂ ಶುಲ್ಕ ಬೇರೆ. ಪಿಯುಸಿಯಲ್ಲಿ ಗಣಿತ ಬಿಟ್ಟವರು ಸಂಭವನೀಯತೆ, ಕಲನಶಾಸ್ತ್ರವನ್ನು ಮೊದಲಿನಿಂದ ಕಲಿಯಬೇಕು. ಅದು ಬೇಡ ಅನ್ನುವವರಿಗೆ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಲೈಸೆನ್ಷಿಯೇಟ್, ಅಸೋಸಿಯೇಟ್ ಪರೀಕ್ಷೆಗಳಿವೆ. ಅಂಡರ್‌ರೈಟಿಂಗ್ ಕಡೆಗೆ ಹೋಗಲು ಅದು ಒಂದು ಬಾಗಿಲು. ಷೇರು ಸಂಶೋಧನೆ ಬೇರೆಯೇ ಲೋಕ, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಹೊರಡುವ ಮುಂಚೆ ಈ ಏಳು ಅಂಕಿಗಳನ್ನು ಹಿಂದಿನ ಬೆಂಚಿನ ಹುಡುಗಿಯೊಬ್ಬಳಿಗೆ ಬರೆದುಕೊಟ್ಟೆ. ಮೊಬೈಲಿನಲ್ಲೇ ಲೆಕ್ಕ ಹಾಕಿ 12.5 ತಂದಳು. ಆಮೇಲೆ ಕೇಳಿದಳು: 'ಅಣ್ಣಾ, ಐದು ಒಳ್ಳೆ ವರ್ಷಗಳನ್ನೇ ಯಾಕೆ ತಗೊಳ್ತಾರೆ? ಏಳೂ ತಗೊಂಡ್ರೆ ರೈತರಿಗೆ ಕಮ್ಮಿ ಬರುತ್ತಲ್ವಾ?' ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು.